ಆಕ್ಸಿಜನ್ ಬಳಿ ಗೆರೆ ಕೆಳಗಿಳಿಯುವುದೇಕೆ

ಆಗಸ್ಟ್ 4, ಸೋಮವಾರ. ತರೀಕೆರೆ

ಪ್ರಥಮ ಪಿಯು ಕಿರುಪರೀಕ್ಷೆಯ ಪತ್ರಿಕೆಗಳನ್ನು ಸ್ಟಾಫ್ ರೂಮಿನಲ್ಲೇ ಕೂತು ತಿದ್ದಿ ಮುಗಿಸಿದೆ. ಎರಡು ಅಂಕದ ಪ್ರಶ್ನೆಯೊಂದಿತ್ತು: ಆಕ್ಸಿಜನ್ನಿನ ಮೊದಲ ಅಯಾನೀಕರಣ ಎಂಥಾಲ್ಪಿ ನೈಟ್ರೋಜನ್ನಿನದಕ್ಕಿಂತ ಕಡಿಮೆ, ಕಾರಣ ಕೊಡಿ. ಹೆಚ್ಚುಕಡಿಮೆ ಎಲ್ಲರೂ ಒಂದೇ ವಾಕ್ಯ ಬರೆದಿದ್ದಾರೆ. ನೈಟ್ರೋಜನ್ 2p³, ಅರ್ಧ ತುಂಬಿದೆ, ಆದ್ದರಿಂದ ಸ್ಥಿರ. ಕೆಲವರು ‘ಹಾಫ್ ಫಿಲ್ಡ್’ ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಅಂಕ ಕೊಟ್ಟೆ. ಗೈಡುಗಳಲ್ಲೂ ಉತ್ತರ ಸೂಚಿಗಳಲ್ಲೂ ಅದೇ ಮಾತಿರುವಾಗ ಮಕ್ಕಳ ಅಂಕ ಕಳೆಯುವುದು ನ್ಯಾಯವಲ್ಲ. ಆದರೆ ಅದು ಕಾರಣವೇ ಅನ್ನುವುದು ಬೇರೆ ಮಾತು. ಅರ್ಧ ತುಂಬಿದರೆ ಯಾಕೆ ಸ್ಥಿರ ಎಂದು ಕೇಳಿದರೆ ‘ಯಾಕೆಂದರೆ ಅದು ಅರ್ಧ ತುಂಬಿದೆ’ ಅನ್ನುವುದು ಬಿಟ್ಟು ಹುಡುಗರ ಬಳಿ ಬೇರೇನೂ ಇರುವುದಿಲ್ಲ. ಅಂದರೆ ‘ಆಕ್ಸಿಜನ್ನಿನದು ಕಡಿಮೆ’ ಎಂಬ ಒಂದು ಸಂಗತಿಯನ್ನು ಬಾಯಿಪಾಠ ಮಾಡುವ ಬದಲು ಎರಡು ಸಂಗತಿ ಬಾಯಿಪಾಠ ಮಾಡಿದಂತಾಯಿತು.

ಎನ್‌ಸಿಇಆರ್‌ಟಿ ಪಠ್ಯವನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ಕಾರಣ ಸರಿಯಾಗಿಯೇ ಇದೆ. ನೈಟ್ರೋಜನ್ನಿನ ಮೂರು 2p ಎಲೆಕ್ಟ್ರಾನುಗಳು ಮೂರು ಬೇರೆ ಬೇರೆ ಆರ್ಬಿಟಲ್‌ಗಳಲ್ಲಿವೆ. ಆಕ್ಸಿಜನ್ನಿನ ನಾಲ್ಕನೆಯದಕ್ಕೆ ಖಾಲಿ ಆರ್ಬಿಟಲ್ ಇಲ್ಲ, ಅದು ಇನ್ನೊಂದರ ಜೊತೆ ಒಂದೇ ಆರ್ಬಿಟಲ್‌ನಲ್ಲಿ ಇರಬೇಕು. ಎರಡರ ನಡುವೆ ವಿಕರ್ಷಣೆ ಹೆಚ್ಚು, ಆದ್ದರಿಂದ ಅದನ್ನು ತೆಗೆಯುವುದು ಸುಲಭ. ಪಠ್ಯ ಆಕ್ಸಿಜನ್ನಿನ ಬಗ್ಗೆ ಮಾತಾಡುತ್ತಿದೆ, ನಮ್ಮ ಹುಡುಗರು ನೈಟ್ರೋಜನ್ನಿನ ಬಗ್ಗೆ ಮಾತಾಡುತ್ತಿದ್ದಾರೆ. ಒಂದರಲ್ಲಿ ಆಕ್ಸಿಜನ್ ಕೆಳಗಿಳಿದಿದೆ, ಇನ್ನೊಂದರಲ್ಲಿ ನೈಟ್ರೋಜನ್ ಮೇಲೆದ್ದಿದೆ. ಈ ಎರಡರಲ್ಲಿ ಯಾವುದು ನಿಜ ಎಂದು ಅಂಕಿಗಳನ್ನೇ ಕೇಳಬಹುದು.

ಸಂಜೆ ಬೀರೂರು ದಾಟುವವರೆಗೂ ಬಸ್ಸಿನಲ್ಲಿ ಇದೇ ತಲೆಯಲ್ಲಿತ್ತು.

ಆಗಸ್ಟ್ 5, ಮಂಗಳವಾರ. ಕಡೂರು, ರಾತ್ರಿ

ಊಟ ಮುಗಿಸಿ ಗ್ರಾಫ್ ಹಾಳೆ ಹಿಡಿದು ಕೂತೆ. ಬೋರಾನ್‌ನಿಂದ ನಿಯಾನ್‌ವರೆಗೆ ಆರು ಧಾತು. ಆರರಲ್ಲೂ ಹೊರಹೋಗುವುದು 2p ಎಲೆಕ್ಟ್ರಾನೇ, ಹಾಗಾಗಿ ಹೋಲಿಕೆಗೆ ಅಡ್ಡಿಯಿಲ್ಲ. ಒಂದು ಸೆಂಟಿಮೀಟರ್‌ಗೆ 200 ಕಿಲೋಜೂಲ್ ಎಂದು ಇಟ್ಟುಕೊಂಡೆ. ಮೋಲ್ ಒಂದಕ್ಕೆ ಕಿಲೋಜೂಲ್ ಲೆಕ್ಕದಲ್ಲಿ ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402. ಆಮೇಲೆ ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2081.

ಮೊದಲ ಮೂರು ಚುಕ್ಕಿಗಳಿಗೆ ಸ್ಕೇಲ್ ಇಟ್ಟರೆ ಹೆಚ್ಚುಕಡಿಮೆ ನೇರ ಗೆರೆ. ಸ್ವಲ್ಪವೇ ಮೇಲಕ್ಕೆ ಬಾಗಿದೆ: ಮೊದಲ ಹೆಜ್ಜೆ 285, ಎರಡನೆಯದು 316, ಹೆಜ್ಜೆಗೆ ಸುಮಾರು 30 ಹೆಚ್ಚುತ್ತಿದೆ. ಬಲಕ್ಕೆ ಹೋದಂತೆ ನ್ಯೂಕ್ಲಿಯಸ್ಸಿಗೆ ಒಂದೊಂದೇ ಪ್ರೋಟಾನ್ ಸೇರುತ್ತದೆ. ಸೇರುವ ಎಲೆಕ್ಟ್ರಾನ್ ಅದೇ ಉಪಕವಚದಲ್ಲಿರುವುದರಿಂದ ತನ್ನ ಜೊತೆಗಾರರನ್ನು ಪೂರ್ತಿ ಮರೆಮಾಡುವುದಿಲ್ಲ. ಹಿಡಿತ ಬಿಗಿಯಾಗುತ್ತ ಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಈಗ ಇದೇ ಏರಿಕೆ ಮುಂದುವರಿದಿದ್ದರೆ ಏನಾಗುತ್ತಿತ್ತು? ಮುಂದಿನ ಹೆಜ್ಜೆಗಳು 346, 376, 406 ಎಂದು ಹಿಡಿದೆ. ಆಗ ಆಕ್ಸಿಜನ್ 1748, ಫ್ಲೋರಿನ್ 2124, ನಿಯಾನ್ 2530 ಆಗಬೇಕಿತ್ತು. ಇದು ಕೈಲೆಕ್ಕ, ನಿಯಮವಲ್ಲ. ಆದರೂ ನಿಜವಾದ ಅಂಕಿಗಳನ್ನು ಇದರಿಂದ ಕಳೆದು ನೋಡಿದಾಗ ಬಂದದ್ದು ಹೀಗೆ: ಆಕ್ಸಿಜನ್ 434 ಕಡಿಮೆ, ಫ್ಲೋರಿನ್ 443 ಕಡಿಮೆ, ನಿಯಾನ್ 449 ಕಡಿಮೆ.

ಮೂರೂ ಹೆಚ್ಚುಕಡಿಮೆ ಒಂದೇ. ಇದನ್ನು ನೋಡಿ ಸುಮ್ಮನೆ ಸ್ವಲ್ಪ ಹೊತ್ತು ಕೂತೆ.

‘ಅರ್ಧ ತುಂಬಿದ್ದು ವಿಶೇಷ ಸ್ಥಿರ’ ಅನ್ನುವ ಮಾತು ನಿಜವಾದರೆ ವಿಶೇಷ ಕಾಣಬೇಕಾದದ್ದು ನೈಟ್ರೋಜನ್ನಿನ ಬಳಿ. ಹೆಚ್ಚೆಂದರೆ ಆಕ್ಸಿಜನ್ನಿನ ಬಳಿಯೂ ಕಾಣಬಹುದು, ಯಾಕೆಂದರೆ ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡು 2p³ ಆಗುತ್ತದೆ. ಆದರೆ ಫ್ಲೋರಿನ್ 2p⁵ನಿಂದ 2p⁴ ಆಗುತ್ತದೆ, ನಿಯಾನ್ 2p⁶ನಿಂದ 2p⁵ ಆಗುತ್ತದೆ. ಇವೆರಡರಲ್ಲಿ ಮೊದಲೂ ಅರ್ಧವಿಲ್ಲ, ಆಮೇಲೂ ಅರ್ಧವಿಲ್ಲ. ಹಾಗಾದರೆ ಫ್ಲೋರಿನ್ ಬಂದ ಕೂಡಲೇ ಗೆರೆ ತನ್ನ ಹಳೆಯ ಎತ್ತರಕ್ಕೆ ಮರಳಬೇಕಿತ್ತು. ಮರಳಿಲ್ಲ. ಆಕ್ಸಿಜನ್ನಿನ ಬಳಿ ಇಳಿದ ಗೆರೆ ಇಳಿದಲ್ಲಿಂದಲೇ ಮೊದಲಿನ ಗೆರೆಗೆ ಸಮಾನಾಂತರವಾಗಿ ಮೇಲೇರಿದೆ.

ಜೋಡಿಯ ವಿಕರ್ಷಣೆಯ ಕಾರಣ ಇದಕ್ಕೆ ಸರಿಹೊಂದುತ್ತದೆ. ಆಕ್ಸಿಜನ್, ಫ್ಲೋರಿನ್, ನಿಯಾನ್ ಮೂರರಲ್ಲೂ ಹೊರಹೋಗುವುದು ಜೋಡಿಯಾಗಿದ್ದ ಎಲೆಕ್ಟ್ರಾನು. ಮೂರಕ್ಕೂ ಒಂದೇ ರಿಯಾಯಿತಿ. ನೈಟ್ರೋಜನ್ನಿನಲ್ಲಿ ವಿಶೇಷವೇನೂ ನಡೆದಿಲ್ಲ. ಅದು ತನ್ನ ಗೆರೆಯ ಮೇಲೆ, ಇರಬೇಕಾದ ಜಾಗದಲ್ಲೇ ಇದೆ.

ಆಗಸ್ಟ್ 6, ಬುಧವಾರ. ತರೀಕೆರೆ

ತರಗತಿಯಲ್ಲಿ ನಾನು ಏನೂ ಹೇಳಲಿಲ್ಲ. ಆರು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಚುಕ್ಕಿ ಇಟ್ಟು, ಮೊದಲ ಮೂರಕ್ಕೆ ಒಂದು ಗೆರೆ ಎಳೆದು ಅದೇ ಬಾಗಿನಲ್ಲಿ ಮುಂದುವರಿಸಿ ಎಂದೆ. ಕಿಟಕಿಯಾಚೆ ಶ್ರಾವಣದ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು, ಒಳಗೆ ಬೆಳಕು ಸಾಲದೆ ಲೈಟು ಹಾಕಬೇಕಾಯಿತು.

ಗೆರೆ ಎಳೆದ ಮೇಲೆ ಕೇಳಿದೆ, “ಈಗ ಹೇಳಿ, ಯಾರು ತಪ್ಪು ಜಾಗದಲ್ಲಿದ್ದಾರೆ?”

“ಆಕ್ಸಿಜನ್ ಸರ್” ಎಂದರು ಹಲವರು. ಮೂರನೇ ಬೆಂಚಿನ ಹುಡುಗ ಮಾತ್ರ ಸ್ಕೇಲನ್ನು ಹಾಳೆಯ ಮೇಲೇ ಇಟ್ಟುಕೊಂಡು, “ಸರ್, ಮೂರೂ ಕೆಳಗಿವೆ” ಎಂದ.

“ಎಷ್ಟು ಕೆಳಗೆ?”

“ಒಂದೇ ಸಮ ಸರ್, ಎರಡು ಸೆಂಟಿಮೀಟರ್ ಹತ್ತಿರ ಹತ್ತಿರ.”

ಅಷ್ಟೇ ಸಾಕಾಯಿತು. ಫ್ಲೋರಿನ್ನಿನ ಎಲೆಕ್ಟ್ರಾನ್ ವಿನ್ಯಾಸ ಬರೆಸಿದೆ. ಅದರಲ್ಲಿ ಅರ್ಧ ತುಂಬಿದ್ದು ಎಲ್ಲಿದೆ ತೋರಿಸಿ ಎಂದೆ. ಯಾರೂ ತೋರಿಸಲಿಲ್ಲ. ಹಾಗಾದರೆ ಅದು ಯಾಕೆ ಕೆಳಗಿದೆ? ಬಾಣದ ಗುರುತುಗಳ ಚೌಕಗಳನ್ನು ಬರೆದುಕೊಂಡೇ ಉತ್ತರಕ್ಕೆ ಬಂದರು: “ಪೇರ್ ಆಗಿರೋದನ್ನ ತೆಗೀತಿದೀವಿ ಸರ್.”

ಇಲ್ಲಿ ಒಂದು ಮಾತು ಸೇರಿಸಬೇಕು ಅನ್ನಿಸಿ, ಚುರುಕಾಗಿರುವವರಿಗೆಂದು ಹೇಳಿದೆ. ಒಂದೇ ದಿಕ್ಕಿನ ಸ್ಪಿನ್ ಇರುವ ಎಲೆಕ್ಟ್ರಾನುಗಳು ಪೌಲಿ ತತ್ತ್ವದಿಂದಾಗಿ ತಾವಾಗಿಯೇ ಒಂದನ್ನೊಂದು ದೂರ ಇಡುತ್ತವೆ, ಆದ್ದರಿಂದ ಅವುಗಳ ನಡುವೆ ವಿಕರ್ಷಣೆ ಕಡಿಮೆ. ಹೊರಹೋಗುವ ಎಲೆಕ್ಟ್ರಾನಿಗೆ ಅದೇ ದಿಕ್ಕಿನ ಜೊತೆಗಾರರು 2p ಒಳಗೆ ಎಷ್ಟಿದ್ದಾರೆ ಎಂದು ಎಣಿಸಿ. ಬೋರಾನಿನಲ್ಲಿ ಯಾರೂ ಇಲ್ಲ, ಕಾರ್ಬನ್ನಿನಲ್ಲಿ ಒಂದು, ನೈಟ್ರೋಜನ್ನಿನಲ್ಲಿ ಎರಡು. ಆಕ್ಸಿಜನ್ನಿನಲ್ಲಿ ನಾಲ್ಕನೆಯದು ತಲೆಕೆಳಗಾದ ಬಾಣ, ಅದಕ್ಕೆ ಮತ್ತೆ ಯಾರೂ ಇಲ್ಲ. ಫ್ಲೋರಿನ್ನಿನಲ್ಲಿ ಒಂದು, ನಿಯಾನ್‌ನಲ್ಲಿ ಎರಡು. ಎಣಿಕೆ ಸೊನ್ನೆ, ಒಂದು, ಎರಡು. ಮತ್ತೆ ಸೊನ್ನೆ, ಒಂದು, ಎರಡು. ಎರಡು ಗೆರೆಗಳು ಸಮಾನಾಂತರವಾಗಿರುವುದಕ್ಕೆ ಇಷ್ಟು ಚೆನ್ನಾಗಿ ಹೊಂದುವ ಕಾರಣ ನನಗೆ ಬೇರೆ ಗೊತ್ತಿಲ್ಲ. ಪಿಯು ಮಟ್ಟದಲ್ಲಿ ಜೋಡಿಯ ವಿಕರ್ಷಣೆ ಎಂದರೆ ಸಾಕು. ಆದರೆ ಸ್ಪಿನ್ ಎಣಿಸಿದ ಹುಡುಗಿಯೊಬ್ಬಳು ಗಂಟೆ ಹೊಡೆದ ಮೇಲೂ ಬೆಂಚಿನಿಂದ ಏಳಲಿಲ್ಲ.

ಆಗಸ್ಟ್ 8, ಶುಕ್ರವಾರ. ಕಡೂರು

ವರಮಹಾಲಕ್ಷ್ಮಿ ಹಬ್ಬ. ಮನೆ ತುಂಬ ಜನ, ಪುಸ್ತಕ ಮುಟ್ಟಲಿಲ್ಲ.

ಆಗಸ್ಟ್ 10, ಭಾನುವಾರ. ಅಜ್ಜಂಪುರ

ಬೆಳಗಿನ ರೈಲಿಗೆ ಅಜ್ಜಂಪುರಕ್ಕೆ ಬಂದೆ. ಬೀರೂರಿನಲ್ಲಿ ಶಿವಮೊಗ್ಗದ ಹಳಿ ತರೀಕೆರೆ ಕಡೆಗೆ ತಿರುಗುತ್ತದೆ, ಹುಬ್ಬಳ್ಳಿಯದು ಈ ಕಡೆಗೆ. ಇಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಜಗಲಿಯಲ್ಲಿ ಭಾನುವಾರ ಕೆಲವು ಮಕ್ಕಳು ಸೇರುತ್ತಾರೆ. ಸುತ್ತಲಿನ ಹಳ್ಳಿಯವರು; ಇವತ್ತು ಅರ್ಧದಷ್ಟು ಜನ ಇರಲಿಲ್ಲ. ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಕೆಲಸ.

ಗ್ರಾಫ್ ತೋರಿಸಿದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. “ಒಪ್ಪಿದೆ. ಆದರೆ ಒಂದು ಪ್ರಶ್ನೆ. ಜೋಡಿಯ ವಿಕರ್ಷಣೆಯೇ ಕಾರಣವಾದರೆ, ಪರಮಾಣು ದೊಡ್ಡದಾದಂತೆ ಅದು ಕಡಿಮೆಯಾಗಬೇಕಲ್ಲ? ಜಾಗ ಹೆಚ್ಚಿದ್ದರೆ ಎರಡು ಎಲೆಕ್ಟ್ರಾನು ಅಷ್ಟು ಒತ್ತೊತ್ತಾಗಿ ಇರುವುದಿಲ್ಲ.”

ಒಂದು ವಿವರಣೆಯನ್ನು ಪರೀಕ್ಷಿಸುವ ರೀತಿ ಇದೇ. ಅದು ನಿಜವಾದರೆ ಬೇರೆ ಕಡೆ ಏನು ಕಾಣಬೇಕು ಎಂದು ಮೊದಲು ಹೇಳಿ, ಆಮೇಲೆ ಅಲ್ಲಿಗೆ ಹೋಗಿ ನೋಡುವುದು. ದ್ವಿತೀಯ ಪಿಯುವಿನ ಹಳೆಯ ಪಠ್ಯ ಅವರ ಕಪಾಟಿನಲ್ಲಿತ್ತು. 15 ಮತ್ತು 16ನೇ ಗುಂಪಿನ ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟೆವು. ನೈಟ್ರೋಜನ್ 1402, ಆಕ್ಸಿಜನ್ 1314, ಇಳಿತ 88. ಅದರ ಕೆಳಗೆ ರಂಜಕ 1012, ಗಂಧಕ 1000; ಇಳಿತ ಬರೀ 12. ಅದರ ಕೆಳಗೆ ಆರ್ಸೆನಿಕ್ 947, ಸೆಲೆನಿಯಂ 941, ಇಳಿತ 6.

“ಮುಂದಿನದು ನೋಡಬೇಡಿ” ಎಂದು ಪುಸ್ತಕದ ಮೇಲೆ ಕೈ ಅಡ್ಡ ಇಟ್ಟು ಮಕ್ಕಳನ್ನು ಕೇಳಿದೆ. ಆಂಟಿಮನಿ 5p³, ಟೆಲ್ಯೂರಿಯಂ 5p⁴. ಯಾವುದರದ್ದು ಹೆಚ್ಚು?

ಈ ವರ್ಷವೇ ಸೇರಿದ ಹುಡುಗ ತಕ್ಷಣ, “ಆಂಟಿಮನಿ ಸರ್, ಹಾಫ್ ಫಿಲ್ಡ್” ಎಂದ. ಅವನ ಅಕ್ಕ, ದ್ವಿತೀಯ ಪಿಯು ಓದುವವಳು, ಅವನನ್ನು ತಡೆದಳು. “ತಡಿಯೋ. 88, 12, 6 ಅಂತ ಇಳೀತಾ ಇದೆ. ಮುಂದೆ ಇಳಿತವೇ ಇಲ್ಲದೆ ಹೋಗಬಹುದು.”

ಕೈ ತೆಗೆದೆ. ಆಂಟಿಮನಿ 834, ಟೆಲ್ಯೂರಿಯಂ 869. ಇಳಿತ ಹೋಗಿ 35ರಷ್ಟು ಏರಿಕೆಯಾಗಿದೆ. ಆಂಟಿಮನಿಯ 5p ಅರ್ಧ ತುಂಬಿಯೇ ಇದೆ, ಆದರೆ ಆ ಮಾತು ಇಲ್ಲಿ ತಪ್ಪು ಉತ್ತರ ಕೊಟ್ಟಿತು.

ಮೇಷ್ಟ್ರು ಬಿಡಲಿಲ್ಲ. “ಇಳಿತ ಕಡಿಮೆಯಾಗುತ್ತದೆ ಅಂತ ತರ್ಕದಿಂದ ಹೇಳಬಹುದು. ಏರಿಕೆಯೇ ಆಗುತ್ತದೆ ಅಂತ ಹೇಳಬಹುದೇ?” ಹೇಳಲಾಗದು. ಇಲ್ಲಿ ಎರಡು ಪರಿಣಾಮ ಎದುರುಬದುರಾಗಿವೆ. ಒಂದು ಪ್ರೋಟಾನ್ ಹೆಚ್ಚಾದ್ದರಿಂದ ಬಿಗಿಯಾಗುವ ಹಿಡಿತ ಮೇಲಕ್ಕೆ ಎಳೆಯುತ್ತದೆ, ಜೋಡಿಯ ವಿಕರ್ಷಣೆ ಕೆಳಕ್ಕೆ ಎಳೆಯುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದಾಗ ಯಾವುದು ಗೆಲ್ಲುತ್ತದೆ ಎಂದು ಬರೀ ಚೌಕ, ಬಾಣ ಬರೆದು ಹೇಳಲು ಬರುವುದಿಲ್ಲ. ಭಾರದ ಧಾತುಗಳಲ್ಲಿ ಸ್ಪಿನ್ ಮತ್ತು ಆರ್ಬಿಟಲ್ ಚಲನೆಯ ಕಾಂತೀಯ ಸಂಬಂಧವೂ ಲೆಕ್ಕಕ್ಕೆ ಸೇರುತ್ತದೆ. ‘ಇಳಿತ ಕಮ್ಮಿಯಾಗುತ್ತ ಹೋಗುತ್ತದೆ’ ಅನ್ನುವಷ್ಟೇ ನಮ್ಮ ತರ್ಕದ ವ್ಯಾಪ್ತಿ. ಅದನ್ನು ಮಕ್ಕಳಿಗೂ ಹಾಗೆಯೇ ಹೇಳಿದೆವು.

ವಾಪಸ್ ಬರುವಾಗ ಮೇಯಲು ಹೋಗಿದ್ದ ಅಮೃತಮಹಲ್ ಕೇಂದ್ರದ ದನಗಳು ದೊಡ್ಡಿಗೆ ತಿರುಗುತ್ತಿದ್ದವು. ಆ ಹುಡುಗಿಗೆ ಮುಂದಿನ ವಾರ ಇನ್ನೂ ಗಟ್ಟಿ ಪ್ರಶ್ನೆ ಒಯ್ಯಬೇಕು.

ಆಗಸ್ಟ್ 12, ಮಂಗಳವಾರ. ಕಡೂರು

ಗಟ್ಟಿ ಪ್ರಶ್ನೆ ಸಿಕ್ಕಿತು. ಯಾವ ಗೈಡಿನಲ್ಲೂ ನಾನು ನೋಡಿದ್ದಲ್ಲ, ಆದರೆ ಬೇಕಾದ ತಿಳಿವಳಿಕೆ ಎಲ್ಲ ಪ್ರಥಮ ಪಿಯು ಒಳಗಿನದೇ: ಎರಡನೆಯ ಅಯಾನೀಕರಣ ಎಂಥಾಲ್ಪಿಯಲ್ಲಿ, ಬೋರಾನ್‌ನಿಂದ ನಿಯಾನ್‌ವರೆಗಿನ ಸಾಲಿನಲ್ಲಿ ಇಳಿತಗಳು ಎಲ್ಲೆಲ್ಲಿ ಬರುತ್ತವೆ?

ಬಾಯಿಪಾಠ ಮಾಡಿದವರು ಮತ್ತೆ ಆಕ್ಸಿಜನ್ ಎನ್ನುತ್ತಾರೆ. ಆದರೆ ಈಗ ಎಲೆಕ್ಟ್ರಾನ್ ಹೊರಡುವುದು ಪರಮಾಣುವಿನಿಂದಲ್ಲ, ಆಗಲೇ ಒಂದನ್ನು ಕಳೆದುಕೊಂಡ ಅಯಾನಿನಿಂದ. ಹಾಗಾಗಿ ಮೊದಲು ಅಯಾನುಗಳ ವಿನ್ಯಾಸ ಬರೆಯಬೇಕು. B⁺ಗೆ 2s² ಮಾತ್ರ, ಬೆರಿಲಿಯಂ ಹಾಗೆ. C⁺ಗೆ ಒಂದು 2p, ಬೋರಾನ್ ಹಾಗೆ. N⁺ಗೆ ಎರಡು. O⁺ಗೆ ಮೂರು, ನೈಟ್ರೋಜನ್ ಹಾಗೆ. F⁺ಗೆ ನಾಲ್ಕು, ಆಕ್ಸಿಜನ್ ಹಾಗೆ. ಎಲ್ಲರೂ ತಮ್ಮ ಎಡಗಡೆಯವರ ವಿನ್ಯಾಸವನ್ನು ಪಡೆದಿದ್ದಾರೆ. ಆದ್ದರಿಂದ ಇಳಿತಗಳೂ ಒಂದು ಮನೆ ಬಲಕ್ಕೆ ಸರಿಯಬೇಕು. ಬೆರಿಲಿಯಂನಿಂದ ಬೋರಾನಿಗೆ ಬರುವಾಗ ಇದ್ದ ಇಳಿತ ಈಗ ಬೋರಾನ್‌ನಿಂದ ಕಾರ್ಬನ್ನಿಗೆ. ಆಕ್ಸಿಜನ್ನಿನ ಬಳಿ ಇದ್ದದ್ದು ಈಗ ಫ್ಲೋರಿನ್ನಿನ ಬಳಿ.

ಅಂಕಿಗಳು ಹಾಗೆಯೇ ಇವೆ. ಬೋರಾನ್ 2427, ಕಾರ್ಬನ್ 2353. ಅಲ್ಲಿಂದ ನೈಟ್ರೋಜನ್ 2856, ಆಕ್ಸಿಜನ್ 3388 ಎಂದು ಏರಿ, ಫ್ಲೋರಿನ್ 3374 ಎಂದು ತುಸು ಇಳಿದು, ನಿಯಾನ್ 3952.

ಆದರೆ ಫ್ಲೋರಿನ್ನಿನ ಇಳಿತ ಬರೀ 14. ಮೊದಲನೆಯದರಲ್ಲಿ 88 ಇತ್ತು. ಹಾಗಾದರೆ ಮೂರನೆಯ ಎಂಥಾಲ್ಪಿಯಲ್ಲಿ? ಅಲ್ಲಿ 2p³ ಇರುವುದು F²⁺ಗೆ, 2p⁴ ಇರುವುದು Ne²⁺ಗೆ. ಅಂಕಿ ನೋಡಿದೆ: ನೈಟ್ರೋಜನ್ 4578, ಆಕ್ಸಿಜನ್ 5300, ಫ್ಲೋರಿನ್ 6050, ನಿಯಾನ್ ಸುಮಾರು 6120. ಇಳಿದಿಲ್ಲ, ಏರಿದೆ.

ಇಲ್ಲಿ ಅವಸರದವರು ತರ್ಕ ಸೋತಿತು ಅಂದುಬಿಡಬಹುದು. ಹಿಂದಿನ ಹೆಜ್ಜೆಗಳನ್ನು ನೋಡಬೇಕು. ನೈಟ್ರೋಜನ್‌ನಿಂದ ಆಕ್ಸಿಜನ್ನಿಗೆ 722, ಆಕ್ಸಿಜನ್‌ನಿಂದ ಫ್ಲೋರಿನ್ನಿಗೆ 750. ಫ್ಲೋರಿನ್‌ನಿಂದ ನಿಯಾನ್‌ಗೂ ಮುನ್ನೂರೋ ನಾನೂರೋ ಅಲ್ಲ, 780ರ ಆಸುಪಾಸಿನ ಹೆಜ್ಜೆ ಬರಬೇಕಿತ್ತು. ಬಂದದ್ದು 70. ಅಂದರೆ ಜೋಡಿಯ ರಿಯಾಯಿತಿ ಇಲ್ಲೂ ಇದೆ, 700ರಷ್ಟು ದೊಡ್ಡದಾಗಿಯೇ ಇದೆ. ಪರಮಾಣುವಿನಲ್ಲಿ ಅದು 434 ಇತ್ತು. ಅಯಾನು ಚಿಕ್ಕದಾದಂತೆ ಎಲೆಕ್ಟ್ರಾನುಗಳು ಇನ್ನೂ ಹತ್ತಿರವಾಗಿ ವಿಕರ್ಷಣೆ ಹೆಚ್ಚಿದೆ. ಆದರೆ ಮರೆಮಾಡುವ ಎಲೆಕ್ಟ್ರಾನುಗಳು ಕಡಿಮೆಯಾದಷ್ಟೂ ಒಂದು ಪ್ರೋಟಾನಿನ ಎಳೆತ ಅದಕ್ಕಿಂತ ವೇಗವಾಗಿ ಹೆಚ್ಚಿದೆ. ಹಾಗಾಗಿ ಇಳಿತ ಏರಿಕೆಯೊಳಗೆ ಮುಚ್ಚಿಹೋಗಿದೆ.

ಬೋರಾನಿನ ಇಳಿತವನ್ನೂ ಹೀಗೆ ಹಿಂಬಾಲಿಸಿದೆ. 2s² ಇರುವುದರಿಂದ 2s²2p¹ ಇರುವುದಕ್ಕೆ ಬಂದಾಗ ಮೊದಲ ಎಂಥಾಲ್ಪಿಯಲ್ಲಿ, ಬೆರಿಲಿಯಂನಿಂದ ಬೋರಾನಿಗೆ, 99 ಇಳಿಯುತ್ತದೆ. ಎರಡನೆಯದರಲ್ಲಿ ಬೋರಾನ್‌ನಿಂದ ಕಾರ್ಬನ್ನಿಗೆ 74. ಮೂರನೆಯದರಲ್ಲಿ ಕಾರ್ಬನ್‌ನಿಂದ ನೈಟ್ರೋಜನ್ನಿಗೆ 42. ನಾಲ್ಕನೆಯದರಲ್ಲಿ ನೈಟ್ರೋಜನ್‌ನಿಂದ ಆಕ್ಸಿಜನ್ನಿಗೆ 6. ಪ್ರತಿ ಸಲವೂ ಇಳಿತ ಒಂದೊಂದು ಮನೆ ಬಲಕ್ಕೆ ಸರಿಯುತ್ತ, ಚಿಕ್ಕದಾಗುತ್ತ ಹೋಗಿದೆ. ಇಷ್ಟು ಕ್ರಮವಾಗಿರುವುದನ್ನು ಮಕ್ಕಳಿಗೆ ‘ಅಪವಾದ’ ಎಂಬ ಹೆಸರಿನಲ್ಲಿ ಕಲಿಸುತ್ತಿರುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಆಗಸ್ಟ್ 13, ಬುಧವಾರ. ತರೀಕೆರೆ

ಸಹೋದ್ಯೋಗಿಗೆ ತೋರಿಸಿದೆ. ಅವರಿಗೆ ಇಷ್ಟವಾಯಿತು, ಆದರೆ ಆಕ್ಷೇಪಣೆಯೂ ಇತ್ತು. “ಸರ್, ಸಿಇಟಿಯಲ್ಲಿ ಕೆಮಿಸ್ಟ್ರಿಗೆ 80 ನಿಮಿಷ, 60 ಪ್ರಶ್ನೆ. ಗ್ರಾಫ್ ಬರೆದುಕೊಂಡು ಕೂರೋಕಾಗುತ್ತಾ? ಹಾಫ್ ಫಿಲ್ಡ್ ಅಂದರೆ ಹತ್ತು ಸೆಕೆಂಡಿನಲ್ಲಿ ಉತ್ತರ ಬರುತ್ತೆ.”

ಮಾತು ನಿರ್ಲಕ್ಷಿಸುವಂಥದ್ದಲ್ಲ. ನಮ್ಮ ಮಕ್ಕಳಿಗೆ ರ‍್ಯಾಂಕ್ ಬೇಕು, ಸೀಟು ಬೇಕು. ಆದರೆ ವಿನ್ಯಾಸ ಬರೆದು ‘ಹೋಗುತ್ತಿರುವುದು ಜೋಡಿಯದೋ ಒಂಟಿಯೋ’ ಎಂದು ನೋಡುವುದಕ್ಕೂ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ವ್ಯತ್ಯಾಸ ಇಷ್ಟೇ: ನೈಟ್ರೋಜನ್ ಮತ್ತು ಆಕ್ಸಿಜನ್ ಕೇಳಿದಾಗ ಎರಡೂ ದಾರಿ ಒಂದೇ ಉತ್ತರಕ್ಕೆ ಹೋಗುತ್ತವೆ. O⁺ ಮತ್ತು F⁺ ಕೇಳಿದಾಗ ಧಾತುವಿನ ಹೆಸರು ನೆನಪಿಟ್ಟುಕೊಂಡವನಿಗೆ ದಾರಿ ಸಿಗುವುದಿಲ್ಲ, ಚೌಕ ಬರೆದವನಿಗೆ ಸಿಗುತ್ತದೆ.

ಪ್ರಶ್ನೆಯೇ ಸರಿಯಾಗಿದ್ದರೆ ಹುಡುಗರು ಯೋಚಿಸುತ್ತಾರೆ ಅನ್ನುವುದಕ್ಕೆ ಎನ್‌ಸಿಇಆರ್‌ಟಿಯಲ್ಲೇ ಒಳ್ಳೆಯ ಮಾದರಿಯಿದೆ. ಸೋಡಿಯಂ 496, ಮೆಗ್ನೀಸಿಯಂ 737, ಸಿಲಿಕಾನ್ 786 ಎಂದು ಕೊಟ್ಟು, ಅಲ್ಯೂಮಿನಿಯಂನದು 575ಕ್ಕೆ ಹತ್ತಿರವೋ 760ಕ್ಕೆ ಹತ್ತಿರವೋ ಎಂದು ಕೇಳುತ್ತದೆ. ಬರೀ ‘ಬಲಕ್ಕೆ ಹೋದಂತೆ ಹೆಚ್ಚುತ್ತದೆ’ ಎಂದು ಕಲಿತವನು 737 ಮತ್ತು 786ರ ನಡುವೆ ಸರಿಯಾಗಿ ಕೂರುವ 760ನ್ನು ಆರಿಸುತ್ತಾನೆ. ಹೊರಹೋಗುವುದು 3s ಅಲ್ಲ, 3p ಎಂದು ನೋಡಿದವನು 575 ಎನ್ನುತ್ತಾನೆ. 3s ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನ ಹತ್ತಿರಕ್ಕೆ ಹೆಚ್ಚು ಒಳನುಗ್ಗುತ್ತದೆ, 3p ಅಷ್ಟು ನುಗ್ಗುವುದಿಲ್ಲ, ಒಳಗಿನವು ಅದನ್ನು ಹೆಚ್ಚು ಮರೆಮಾಡುತ್ತವೆ. ಈ ಪ್ರಶ್ನೆಯಲ್ಲಿ ಅಂಕಿಗಳನ್ನು ಕೈಗೆ ಕೊಟ್ಟಿದ್ದಾರೆ, ತಪ್ಪು ದಾರಿಗೂ ಒಂದು ಉತ್ತರ ಇಟ್ಟಿದ್ದಾರೆ, ಎರಡು ಉತ್ತರಗಳ ನಡುವೆ ಸಾಕಷ್ಟು ಅಂತರವಿದೆ. ತಪ್ಪು ಉತ್ತರ ನೋಡಿದ ಕೂಡಲೇ ಹುಡುಗ ಎಲ್ಲಿ ಎಡವಿದ ಎಂದು ಮೇಷ್ಟ್ರಿಗೆ ಗೊತ್ತಾಗುತ್ತದೆ.

ಆ ಅಂತರದ ಮಾತು ಮುಖ್ಯ. ‘ಆಂಟಿಮನಿಯೋ ಟೆಲ್ಯೂರಿಯಮ್ಮೋ’ ಎಂದು ಒಂದು ಸಾಲಿನಲ್ಲಿ ಕೇಳಿದರೆ ಅದು ಅನ್ಯಾಯದ ಪ್ರಶ್ನೆ. ತರ್ಕ ಅಲ್ಲಿಗೆ ಮುಟ್ಟುವುದಿಲ್ಲ, ಆದ್ದರಿಂದ ಅದೂ ಬಾಯಿಪಾಠದ ಪ್ರಶ್ನೆಯೇ ಆಗುತ್ತದೆ, ಇನ್ನೂ ಕಷ್ಟದ ಬಾಯಿಪಾಠ. 88, 12, 6 ಎಂದು ಕೊಟ್ಟು, ಈ ಇಳಿತ ಯಾಕೆ ಕಡಿಮೆಯಾಗುತ್ತಿದೆ ಎಂದು ಕೇಳಿದರೆ ನ್ಯಾಯ.

ಆಗಸ್ಟ್ 14, ಗುರುವಾರ. ತರೀಕೆರೆ

ಮುಂದಿನ ಕಿರುಪರೀಕ್ಷೆಗೆ ಪ್ರಶ್ನೆ ಬರೆದಿಟ್ಟೆ. ನಾಳೆಯ ಧ್ವಜಾರೋಹಣಕ್ಕೆ ಮೈದಾನದಲ್ಲಿ ಮಕ್ಕಳು ಕವಾಯತು ಮಾಡುತ್ತಿದ್ದರು. ಒಂದು ತಾಸು ಕೋಣೆ ನನ್ನೊಬ್ಬನದೇ ಆಗಿತ್ತು.

“ಎರಡನೆಯ ಅಯಾನೀಕರಣ ಎಂಥಾಲ್ಪಿಗಳು: ಕಾರ್ಬನ್ 2353, ನೈಟ್ರೋಜನ್ 2856, ಆಕ್ಸಿಜನ್ 3388. ಫ್ಲೋರಿನ್ನಿನದು 3370ಕ್ಕೆ ಹತ್ತಿರವೋ 3950ಕ್ಕೆ ಹತ್ತಿರವೋ? O⁺ ಮತ್ತು F⁺ ಅಯಾನುಗಳ 2p ಆರ್ಬಿಟಲ್‌ಗಳನ್ನು ಬರೆದು ಕಾರಣ ಕೊಡಿ.” ಮೂರು ಅಂಕ. ವಿನ್ಯಾಸಕ್ಕೆ ಒಂದು, ಹೊರಹೋಗುವ ಎಲೆಕ್ಟ್ರಾನು ಜೋಡಿಯದು ಎಂದು ಗುರುತಿಸಿದ್ದಕ್ಕೆ ಒಂದು, ಆಯ್ಕೆಗೆ ಒಂದು. ‘ಅರ್ಧ ತುಂಬಿದೆ’ ಎಂದು ಮಾತ್ರ ಬರೆದರೆ ಎರಡನೆಯ ಅಂಕ ಇಲ್ಲ. ಇದನ್ನು ಮೊದಲೇ ತರಗತಿಯಲ್ಲಿ ಹೇಳಿಬಿಡುತ್ತೇನೆ.

ಅಂಚಿನಲ್ಲಿ ಸಹೋದ್ಯೋಗಿಗಳಿಗಾಗಿ ಒಂದು ಸಾಲು ಸೇರಿಸಿದ್ದೇನೆ, ವಿಷಯ ಬೋಧಕರ ಸಭೆಯಲ್ಲೂ ಇದನ್ನೇ ಕೇಳಿಕೊಳ್ಳುತ್ತೇನೆ: ಆವರ್ತಕ ಕೋಷ್ಟಕದ ಮೇಲೆ ‘ಕಾರಣ ಕೊಡಿ’ ಎಂದು ಕೇಳುವಾಗ ದಯವಿಟ್ಟು ಗೈಡಿನಲ್ಲಿರುವ ಜೋಡಿಯನ್ನು ಬಿಟ್ಟು ಅದರ ಪಕ್ಕದ ಜೋಡಿಯನ್ನು ಕೇಳಿ, ಬೇಕಾದ ಅಂಕಿಗಳನ್ನು ಪ್ರಶ್ನೆಯಲ್ಲೇ ಕೊಡಿ, ಮತ್ತು ಉತ್ತರ ಸೂಚಿಯಲ್ಲಿ ಯಾವ ಎಲೆಕ್ಟ್ರಾನು, ಯಾವ ಆರ್ಬಿಟಲ್‌ನಿಂದ ಹೊರಹೋಗುತ್ತಿದೆ ಎಂದು ಬರೆದವರಿಗೆ ಅಂಕವಿಡಿ.